ಉಂಡ ಮೇಲಿನ ಹದಿನೈದು ನಿಮಿಷ

ಅಕ್ಕನಿಗೆ ಐವತ್ನಾಲ್ಕು ವರ್ಷ. ಕಳೆದ ವರ್ಷ ರಕ್ತಪರೀಕ್ಷೆ ಮಾಡಿಸಿದಾಗ ಬರಿ ಹೊಟ್ಟೆಯ ಶುಗರ್ 108, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. ಬರಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದನ್ನು ಪ್ರಿಡಯಾಬಿಟಿಸ್ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, ಶುಗರ್ ಬಾರ್ಡರ್‌ನಲ್ಲಿದೆ. ಅಕ್ಕನಿಗೆ ಅದು ನಂಬಲಾಗದ ಮಾತು. "ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀತೀನಲ್ಲೋ, ಇನ್ನೇನು ಮಾಡ್ಲಿ?" ಎಂದಳು.

ಅವಳ ನಡಿಗೆಯಲ್ಲಿ ತಪ್ಪಿರಲಿಲ್ಲ. ಆದರೆ ಅವಳ ಶುಗರ್ ಹೆಚ್ಚು ಏರುತ್ತಿದ್ದುದು ರಾತ್ರಿ ಊಟವಾದ ಮೇಲೆ, ಅವಳು ಟಿವಿ ಮುಂದೆ ಕೂತಿರುವಾಗ.

ಅನ್ನ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೇ ಗ್ಲುಕೋಸ್ ರಕ್ತಕ್ಕೆ ಸೇರತೊಡಗುತ್ತದೆ. ಅದನ್ನು ಮಾಂಸಖಂಡದೊಳಕ್ಕೆ ಬಿಡಿಸುವುದು ಇನ್ಸುಲಿನ್ ಕೆಲಸ. ಬಾರ್ಡರ್‌ನಲ್ಲಿರುವವರಲ್ಲಿ ಇನ್ಸುಲಿನ್ ತಟ್ಟಿದರೂ ಬಾಗಿಲು ಬೇಗ ತೆಗೆಯುವುದಿಲ್ಲ. ಹಾಗಾಗಿ ಊಟವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಸಕ್ಕರೆ ಗುಡ್ಡೆ ಬೀಳುತ್ತದೆ. ನಡೆಯುವಾಗ ಮಾತ್ರ ಬೇರೆಯದೇ ದಾರಿ ತೆರೆಯುತ್ತದೆ. ತೊಡೆ, ಮೀನಖಂಡಗಳು ಬಿಗಿದು ಸಡಿಲವಾಗುತ್ತಿದ್ದ ಹಾಗೆ, ಗ್ಲುಕೋಸನ್ನು ಒಳಗೆ ಸಾಗಿಸುವ ಗ್ಲುಟ್-4 ಎಂಬ ಪ್ರೋಟೀನು ಇನ್ಸುಲಿನ್‌ಗೆ ಕಾಯದೆ ತಾನೇ ಜೀವಕೋಶದ ಅಂಚಿಗೆ ಬಂದು ನಿಲ್ಲುತ್ತದೆ. ಸಕ್ಕರೆ ಏರುವ ಹೊತ್ತಿಗೇ ನಡೆದರೆ ಅದು ಗುಡ್ಡೆಯಾಗುವ ಮೊದಲೇ ಖರ್ಚಾಗುತ್ತದೆ.

ಇದನ್ನು ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೊರೆಟಾ ಡಿಪಿಯೆಟ್ರೊ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದು ತೋರಿಸಿತು. ಅರವತ್ತು ದಾಟಿದ, ಶುಗರ್ ಬಾರ್ಡರ್‌ನಲ್ಲಿದ್ದ ಹತ್ತು ಜನರನ್ನು ಅಳತೆಯ ಸಲಕರಣೆಗಳಿದ್ದ ಕೋಣೆಯಲ್ಲಿ ಇರಿಸಿಕೊಂಡರು. ಒಂದು ಸಲ ಬೆಳಿಗ್ಗೆ ಒಟ್ಟಿಗೆ 45 ನಿಮಿಷ ನಡೆಸಿದರು, ಇನ್ನೊಂದು ಸಲ ಸಂಜೆಯ ಹೊತ್ತಿಗೆ 45 ನಿಮಿಷ, ಮತ್ತೊಂದು ಸಲ ಮೂರು ಊಟಗಳಾದ ಅರ್ಧ ಗಂಟೆಗೆ ಹದಿನೈದು ಹದಿನೈದು ನಿಮಿಷ. ಒಟ್ಟು ನಡಿಗೆ ಅಷ್ಟೇ. ಆದರೆ ರಾತ್ರಿ ಊಟದ ನಂತರದ ಮೂರು ಗಂಟೆಗಳ ಸಕ್ಕರೆಯನ್ನು ಚೆನ್ನಾಗಿ ಇಳಿಸಿದ್ದು ಊಟದ ಮೇಲಿನ ನಡಿಗೆಯೇ. ಹತ್ತೇ ಜನರ ಸಣ್ಣ ಅಧ್ಯಯನ ಎನ್ನುವುದು ನೆನಪಿರಲಿ. ಅವರು ನಡೆದ ವೇಗ ಹದಿನೈದು ನಿಮಿಷಕ್ಕೆ ಸುಮಾರು 1.2 ಕಿಲೋಮೀಟರ್, ಅಂದರೆ ಏದುಸಿರಿಲ್ಲದೆ ಮಾತಾಡುತ್ತ ಹೋಗುವಷ್ಟು. ಉಂಡ ಮೇಲೆ ನೂರು ಹೆಜ್ಜೆ ಎನ್ನುತ್ತಿದ್ದ ನಮ್ಮ ಹಿರಿಯರು ಹೊತ್ತನ್ನು ಸರಿಯಾಗಿಯೇ ಹಿಡಿದಿದ್ದರು. ನೂರು ಹೆಜ್ಜೆ ಒಂದು ನಿಮಿಷಕ್ಕೆ ಮುಗಿದುಹೋಗುತ್ತದೆ, ಇಲ್ಲಿ ಬೇಕಾದ್ದು ಸಾವಿರದೈನೂರರಷ್ಟು.

ಅಕ್ಕನಿಗೆ ಈ ಮಾತು ಸಾಲಲಿಲ್ಲ. ಅವಳ ಬೆರಳಿನಿಂದಲೇ ನೋಡೋಣವೆಂದು ಗ್ಲುಕೋಮೀಟರ್ ತಂದೆ. ನಾಲ್ಕು ರಾತ್ರಿ ಒಂದೇ ಊಟ: ಎರಡು ಸೌಟು ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ. ಮೊದಲ ತುತ್ತಿನಿಂದ ಗಡಿಯಾರ ನೋಡಿ, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಬೆರಳು ಚುಚ್ಚಿದೆವು. ಎರಡು ರಾತ್ರಿ ಅವಳು ಕೂತೇ ಇದ್ದಳು. ಒಂದು ಗಂಟೆಯ ರೀಡಿಂಗ್ 184, 178. ಎರಡು ಗಂಟೆಯದು 149, 143. ಉಳಿದೆರಡು ರಾತ್ರಿ ಮೊದಲ ತುತ್ತಿನಿಂದ ಅರ್ಧ ಗಂಟೆಗೆ ಸರಿಯಾಗಿ ಟೆರೇಸು ಹತ್ತಿ ಹದಿನೈದು ನಿಮಿಷ ನಡೆದಳು. ಒಂದು ಗಂಟೆಗೆ 151, 146. ಎರಡು ಗಂಟೆಗೆ 138, 134.

ಮನೆಯ ಮೀಟರು ಲ್ಯಾಬಿನಷ್ಟು ನಿಖರವಲ್ಲ, ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಹಾಗಾಗಿ ಎರಡು ಗಂಟೆಯ ಹತ್ತು ಅಂಕಿಯ ಇಳಿಕೆಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಒಂದು ಗಂಟೆಯ ಮೂವತ್ತು ಅಂಕಿಯ ಇಳಿಕೆ, ಅದೂ ಎರಡು ಸಲ ಒಂದೇ ಥರ ಬಂದದ್ದು, ನೆಚ್ಚಬಹುದಾದದ್ದು. ಎರಡು ಗಂಟೆಗೆ ಮಾತ್ರ ನೋಡುವವರಿಗೆ ನಡಿಗೆಯ ಫಲ ಕಾಣದೇ ಹೋಗುವುದು ಇದಕ್ಕೇ, ಅಷ್ಟರಲ್ಲಿ ಗುಡ್ಡೆ ತಾನಾಗಿಯೇ ಕರಗಿರುತ್ತದೆ.

ಒಂದು ರಾತ್ರಿ ನಡೆದು ಬಂದರೂ 196 ತೋರಿಸಿ ಅಕ್ಕ ಗಾಬರಿಯಾದಳು. ಅರ್ಧ ಗಂಟೆ ಮುಂಚೆ ಮೊಮ್ಮಗನಿಗೆ ಮಾವಿನಹಣ್ಣು ಹೆಚ್ಚಿಕೊಟ್ಟಿದ್ದಳು. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳು ಚುಚ್ಚಿದರೆ 152. ಹಣ್ಣಿನ ರಸ ಬೆರಳಲ್ಲಿತ್ತು, ರಕ್ತದಲ್ಲಲ್ಲ.

ಸಕ್ಕರೆ ಇಳಿಸುವ ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಇದಕ್ಕೆ ಇಳಿಯಬೇಕು, ಅವರಿಗೆ ಶುಗರ್ ತೀರಾ ಕೆಳಗಿಳಿಯುವ ಭಯವಿದೆ. ನಡೆಯುವಾಗ ಎದೆ ಹಿಡಿದಂತಾಗುವವರೂ ಅಷ್ಟೇ.

ಮೂರು ತಿಂಗಳಾದ ಮೇಲೂ ಅಕ್ಕನ ಬರಿ ಹೊಟ್ಟೆಯ ಶುಗರ್ 107. ಅವಳು ಬೇಸರಪಟ್ಟಳು. ಬೆಳಗಿನ ಆ ಅಂಕಿ ಬಹುಪಾಲು ಯಕೃತ್ತಿನದು. ರಾತ್ರಿಯೆಲ್ಲ ಅದು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ, ಸಂಜೆಯ ಹದಿನೈದು ನಿಮಿಷ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೆ ತೂಕ ಇಳಿಯಬೇಕು, ನಿದ್ದೆ ಸರಿಯಾಗಬೇಕು. ಹಾಗಾಗಿ ಅವಳ ಬೆಳಗಿನ ಮುಕ್ಕಾಲು ಗಂಟೆಯನ್ನು ಬಿಡಿಸಲಿಲ್ಲ. ರಾತ್ರಿ ಊಟದ ತಟ್ಟೆ ಎತ್ತಿಟ್ಟ ಮೇಲೆ ಅವಳೀಗ ಟೆರೇಸಿನಲ್ಲಿರುತ್ತಾಳೆ.