ಹಲ್ಲಿನ ತಲೆಗೆ ಕಟ್ಟಿದ ಜ್ವರ, ಭೇದಿ

ಎಂಟು ತಿಂಗಳ ಮಗುವಿಗೆ ಬೆಳಗ್ಗೆಯಿಂದ ನಾಲ್ಕು ಸಲ ನೀರಿನಂತೆ ಭೇದಿಯಾಗಿದೆ, ಮೈಯೂ ಸುಡುತ್ತಿದೆ ಎಂದುಕೊಳ್ಳಿ. ಅಜ್ಜಿ ಕೆಳವಸಡನ್ನು ಬೆರಳಲ್ಲಿ ಸವರಿ ನೋಡಿ, “ಹಲ್ಲು ಮೊಳೀತಿದೆ ಕಣೇ, ಹಲ್ಲಿನ ಭೇದಿ ಇದು, ತಾನಾಗೇ ನಿಲ್ಲುತ್ತೆ ಬಿಡು” ಎನ್ನುತ್ತಾರೆ. ಹಲ್ಲು ಮೊಳೆಯುತ್ತಿರುವುದು ನಿಜವೇ. ಆದರೆ ಭೇದಿಗೆ ಅದು ಕಾರಣವಲ್ಲ.

ಹಾಗಾದರೆ ಎರಡೂ ಒಟ್ಟಿಗೇ ಬರುವುದೇಕೆ? ಹೆಚ್ಚಿನ ಮಕ್ಕಳಿಗೆ ಆರನೇ ತಿಂಗಳ ಆಸುಪಾಸಿನಲ್ಲಿ ಮೊದಲ ಹಲ್ಲು ಕಾಣಿಸುತ್ತದೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗುವುದೂ, ರಾಗಿ ಸರಿ ಶುರುವಾಗುವುದೂ, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವುದೂ ಆಗಲೇ. ಸೋಂಕಿಗೆ ಅಷ್ಟು ಸಾಕು. ಪಾಪ, ಹೆಸರು ಕೆಡುವುದು ಮಾತ್ರ ಹಲ್ಲಿನದು.

ಹಲ್ಲು ನಿಜವಾಗಿ ಮಾಡುವುದು ಇಷ್ಟು: ಜೊಲ್ಲು ಸುರಿಯುತ್ತದೆ, ವಸಡು ಊದಿ ಕೆಂಪಾಗುತ್ತದೆ, ಮಗು ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ, ರಗಳೆ ಮಾಡುತ್ತದೆ, ನಿದ್ದೆ ಕೆಡಿಸಿಕೊಳ್ಳುತ್ತದೆ. ಮೈ ಕೊಂಚ ಬೆಚ್ಚಗಾಗಬಹುದು. ಇದೆಲ್ಲ ಹಲ್ಲು ಹೊರಬರುವ ನಾಲ್ಕು ದಿನ ಮುಂಚೆ ಶುರುವಾಗಿ, ಬಂದ ಮೂರು ದಿನಕ್ಕೆ ಮುಗಿಯುತ್ತದೆ ಎಂದು 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ನಮ್ಮ ಮಗುವಿಗೆ ಈಗ ಬೇಕಿರುವುದು ಓಆರ್‌ಎಸ್. ಒಂದು ಲೀಟರಿನ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕಲಸಿ, ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರಿನಷ್ಟನ್ನು ಚಮಚ ಚಮಚವಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ವೈದ್ಯರು ಸಾಮಾನ್ಯವಾಗಿ ಜಿಂಕ್ ಕೂಡ ಬರೆದುಕೊಡುತ್ತಾರೆ. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಇನ್ನು ವಸಡಿನ ನೋವು. ಕೈ ಚೆನ್ನಾಗಿ ತೊಳೆದು ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಮೃದುವಾಗಿ ಒತ್ತಿ ಉಜ್ಜಿದರೆ ಎಷ್ಟೋ ಹಾಯೆನಿಸುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ತಂಪಾದ ಮೇಲೆ ಕಚ್ಚಲು ಕೊಡಬಹುದು, ನೀವು ಪಕ್ಕದಲ್ಲೇ ಇರಬೇಕು. ಫ್ರೀಜರ್ ಬೇಡ, ಹೆಪ್ಪುಗಟ್ಟಿದ್ದು ವಸಡಿಗೆ ಪೆಟ್ಟು ಮಾಡುತ್ತದೆ. ರಿಂಗ್ ಕೊಳ್ಳುವುದಾದರೆ ಒಳಗೆ ನೀರು ತುಂಬಿರದ ಗಟ್ಟಿ ರಬ್ಬರಿನದೇ ಒಳ್ಳೆಯದು. ಕೊರಳಿಗೆ ಮಣಿಸರ ಕಟ್ಟಿದರೆ ಉಸಿರು ಕಟ್ಟುವ ಅಪಾಯವಿದೆ. ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವ ರೂಢಿಯೂ ಬೇಡ. ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಗಂಭೀರ ಕಾಯಿಲೆ ಬರಬಹುದು.

ಅಂಗಡಿಯಲ್ಲಿ ಸಿಗುವ ಮರಗಟ್ಟಿಸುವ ಜೆಲ್‌ಗಳನ್ನು ಹಚ್ಚಲೇಬೇಡಿ. ಬೆಂಜೊಕೇನ್ ಇರುವಂಥವು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ತಗ್ಗಿಸಬಲ್ಲವು. ಅದಕ್ಕಾಗಿಯೇ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಅವನ್ನು ಬಳಸಬಾರದೆಂದಿತು. ರಾತ್ರಿ ನೋವು ತಾಳಲಾರದೆ ಮಗು ಅತ್ತರೆ, ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಆದರೆ ಡ್ರಾಪ್ಸ್‌ಗೂ ಸಿರಪ್‌ಗೂ ಅದಲುಬದಲು ಮಾಡಬೇಡಿ: ನಮ್ಮಲ್ಲಿ ಸಿಗುವ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇದ್ದರೆ, ಮಕ್ಕಳ ಸಿರಪ್‌ನಲ್ಲಿ ಅದರ ಕಾಲುಭಾಗವಷ್ಟೇ ಇರಬಹುದು.