ರೈಲು ತಡವಾದ ಸೋಮವಾರಕ್ಕೆ ಒಂದು ಅರ್ಜಿ

ಊರಿನ ಕಾರ್ಯಕ್ರಮ ಮುಗಿಸಿ ಭಾನುವಾರ ರಾತ್ರಿಯ ರೈಲು ಹತ್ತಿ, ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ನೇರ ಕೆಲಸಕ್ಕೆ ಹೋಗುವವರು ಉತ್ತರ ಕರ್ನಾಟಕದ ಎಲ್ಲ ಊರುಗಳಲ್ಲೂ ಇದ್ದಾರೆ. ರೈಲು ಐದಾರು ಗಂಟೆ ತಡವಾದ ದಿನ ಇವರು ಕಚೇರಿಗೆ ಬರೆಯುವ ಪತ್ರದಲ್ಲಿ ಸಾಮಾನ್ಯವಾಗಿ ಕ್ಷಮೆ ಜಾಸ್ತಿ ಇರುತ್ತದೆ, ಕೋರಿಕೆ ಕಡಿಮೆ. ಸಂಬಳ ಲೆಕ್ಕ ಹಾಕುವವರಿಗೆ ಬೇಕಾಗಿರುವುದು ಮಾತ್ರ ಕೋರಿಕೆ: ಈ ಅರ್ಧ ದಿನವನ್ನು ಯಾವ ಖಾತೆಗೆ ಹಾಕಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಖಾಸಗಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ರಾಣೆಬೆನ್ನೂರಿನಲ್ಲಿ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು 8ನೇ ತಾರೀಕು ಶನಿವಾರ ರಜೆ ಹಾಕಿದ್ದಾಳೆ. ಭಾನುವಾರ ವಾರದ ರಜೆ. ಹುಬ್ಬಳ್ಳಿಯಿಂದ ಭಾನುವಾರ ರಾತ್ರಿ 10ಕ್ಕೆ ಹೊರಟ ರೈಲನ್ನು ಅವಳು ರಾಣೆಬೆನ್ನೂರಿನಲ್ಲಿ 12.20ಕ್ಕೆ ಹತ್ತುತ್ತಾಳೆ. ಯಶವಂತಪುರಕ್ಕೆ ಬರಬೇಕಾದದ್ದು ಬೆಳಿಗ್ಗೆ 5.40ಕ್ಕೆ, ಬಂದದ್ದು 11.25ಕ್ಕೆ. ಅಲ್ಲಿಂದ ಮೆಟ್ರೊ ಹಿಡಿದು 12.10ಕ್ಕೆ ಬೆರಳಚ್ಚು ಯಂತ್ರದ ಮೇಲೆ ಬೆರಳಿಡುತ್ತಾಳೆ. ಕೆಲಸದ ವೇಳೆ 9ರಿಂದ 5.30.

ಈ ಸಂಖ್ಯೆಗಳಲ್ಲಿ ಅವಳ ಪರವಾಗಿ ಮಾತಾಡುವುದು ಯಾವುದು? ಹೆಚ್ಚಿನವರು 11.25 ಎನ್ನುತ್ತಾರೆ. ನನ್ನ ಪ್ರಕಾರ ಅದು 5.40. ರೈಲು ಸರಿಯಾಗಿ ಬಂದಿದ್ದರೆ ಕೆಲಸಕ್ಕೆ ಮುಂಚೆ ಅವಳ ಕೈಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಇರುತ್ತಿತ್ತು. ಅಂದರೆ ಒಂದೆರಡು ಗಂಟೆ ಹೆಚ್ಚುಕಮ್ಮಿಯಾದರೂ ನಡೆಯಲಿ ಎಂದು ಅವಳು ಮೊದಲೇ ಲೆಕ್ಕ ಹಾಕಿದ್ದಳು. 8.30ಕ್ಕೆ ಇಳಿಸುವ ರೈಲು ಹಿಡಿದು 9ಕ್ಕೆ ಕೆಲಸವಿದ್ದವರ ಪತ್ರಕ್ಕೆ ಈ ಬಲ ಇರುವುದಿಲ್ಲ. ಹಾಗಾಗಿ ಬಂದ ವೇಳೆಯ ಪಕ್ಕದಲ್ಲೇ ಬರಬೇಕಿದ್ದ ವೇಳೆಯನ್ನೂ ಬರೆಯಬೇಕು.

ಇನ್ನು ಪುರಾವೆ. ಟಿಕೆಟ್ ಒಂದನ್ನೇ ಲಗತ್ತಿಸಿದರೆ ಪ್ರಯಾಣಕ್ಕೆ ಟಿಕೆಟ್ ಮಾಡಿಸಿದ್ದು ಗೊತ್ತಾಗುತ್ತದೆ, ರೈಲು ತಡವಾದದ್ದು ಗೊತ್ತಾಗುವುದಿಲ್ಲ. ಅದಕ್ಕೆ ರೈಲ್ವೆಯದೇ NTES ಆ್ಯಪ್ ಅಥವಾ enquiry.indianrail.gov.in ಜಾಲತಾಣದಲ್ಲಿ ರೈಲಿನ ಸಂಖ್ಯೆ ಹಾಕಿದರೆ, ಪ್ರತಿ ನಿಲ್ದಾಣಕ್ಕೆ ಬರಬೇಕಿದ್ದ ವೇಳೆಯೂ ಬಂದ ವೇಳೆಯೂ ಕಾಣುತ್ತವೆ. ಹಳೆಯ ದಿನಗಳ ವಿವರ ಅಲ್ಲಿ ಬಹಳ ಕಾಲ ಉಳಿಯುವುದಿಲ್ಲವಾದ್ದರಿಂದ ಇಳಿದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಅದೂ ಇಳಿದ ಮೇಲೆ. ಬೀರೂರಿನಲ್ಲಿ ನಿಂತಾಗ ತೆಗೆದ ಚಿತ್ರ ಆರು ಗಂಟೆ ತಡ ಎಂದು ತೋರಿಸಬಹುದು. ಮುಂದೆ ರೈಲು ಸ್ವಲ್ಪ ಹೊತ್ತನ್ನು ಸರಿದೂಗಿಸಿಕೊಂಡರೆ ಪತ್ರದಲ್ಲಿರುವ ವೇಳೆಗೂ ಚಿತ್ರಕ್ಕೂ ತಾಳೆಯಾಗುವುದಿಲ್ಲ.

ಇಲ್ಲೊಂದು ಸಣ್ಣ ತೊಡಕಿದೆ. ಅವಳು ರೈಲು ಹತ್ತಿದ್ದು ನಡುರಾತ್ರಿ ಕಳೆದ ಮೇಲೆ. ಟಿಕೆಟ್‌ನಲ್ಲಿ ಹತ್ತುವ ದಿನ 10, ಸೋಮವಾರ. ಆದರೆ NTES ರೈಲನ್ನು ಗುರುತಿಸುವುದು ಅದು ಹುಬ್ಬಳ್ಳಿ ಬಿಟ್ಟ ದಿನದಿಂದ, ಅಂದರೆ 9, ಭಾನುವಾರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಗುಮಾಸ್ತರಿಗೆ ಇದು ಬೇರೆ ದಿನದ ರೈಲು ಎನ್ನಿಸುವುದು ಸಹಜ. ಪತ್ರದಲ್ಲಿ ಒಂದು ಸಾಲು ಬರೆದರೆ ಆ ಅನುಮಾನ ಏಳುವುದಿಲ್ಲ. ತಡಕ್ಕೆ ಕಾರಣ ಮಾತ್ರ ಊಹಿಸಿ ಬರೆಯಬಾರದು. ಸಿಗ್ನಲ್ ಕೆಟ್ಟಿತ್ತಂತೆ, ಮುಂದೆ ಗೂಡ್ಸ್ ಗಾಡಿ ನಿಂತಿತ್ತಂತೆ ಎಂಬ ಬೋಗಿಯ ಮಾತುಗಳಿಂದ ಪತ್ರಕ್ಕೆ ಏನೂ ಲಾಭವಿಲ್ಲ.

ಕೋರಿಕೆಯ ಭಾಗದಲ್ಲಿ ನಿಜವಾದ ದುಡ್ಡಿನ ಪ್ರಶ್ನೆ ಇದೆ. ಹಲವು ಖಾಸಗಿ ಕಚೇರಿಗಳಲ್ಲಿ ‘ಸ್ಯಾಂಡ್‌ವಿಚ್’ ನಿಯಮ ಎಂಬುದೊಂದಿದೆ: ವಾರದ ರಜೆಯ ಹಿಂದಿನ ದಿನವೂ ಮುಂದಿನ ದಿನವೂ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ರಜೆಯೆಂದೇ ಕಳೆಯುತ್ತಾರೆ. ನಮ್ಮ ಹೆಣ್ಣುಮಗಳು ಬೇಸರದಲ್ಲಿ ‘ಸೋಮವಾರದ ರಜೆ ಮಂಜೂರು ಮಾಡಿ’ ಎಂದು ಬರೆದುಬಿಟ್ಟರೆ ಶನಿ, ಭಾನು, ಸೋಮ ಮೂರೂ ದಿನ ಹೋಗಬಹುದು. ಹಾಜರಾತಿ ತಂತ್ರಾಂಶ ತಾನಾಗಿಯೇ ಸೋಮವಾರಕ್ಕೆ ಗೈರು ಎಂದು ಗುರುತು ಹಾಕಿದರೂ ಅದೇ ಕಥೆ. ಆದ್ದರಿಂದ ಕೇಳಬೇಕಾದದ್ದು ಬೆಳಗಿನ ಅರ್ಧ ದಿನ ಮಾತ್ರ. ಮಧ್ಯಾಹ್ನ ಕೆಲಸ ಮಾಡಿದ್ದನ್ನೂ, ಭಾನುವಾರವನ್ನು ಸೇರಿಸಬಾರದು ಎಂಬುದನ್ನೂ ಬಾಯಿಬಿಟ್ಟೇ ಹೇಳಬೇಕು. ಕೆಲವು ಕಚೇರಿಗಳು ಅರ್ಧ ದಿನದ ರಜೆಗೂ ಈ ನಿಯಮ ಹಚ್ಚುತ್ತವೆ. ಅದಕ್ಕೇ ಬರೆಯುವ ಮುಂಚೆ ರಜೆ ನಿಯಮದ ಪುಟವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಶಾಲೆಯ ಕಾಲದ ಪೀಠಿಕೆಯನ್ನು ಬಿಟ್ಟರೆ ಪತ್ರ ಇಷ್ಟೇ ಆಗುತ್ತದೆ:

ಇವರಿಗೆ,
ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ

ವಿಷಯ: 10ನೇ ತಾರೀಕು ಸೋಮವಾರ ರೈಲು ತಡವಾದ ಕಾರಣ ಅರ್ಧ ದಿನದ ರಜೆ ಹೊಂದಾಣಿಕೆ ಕುರಿತು

ಮಾನ್ಯರೇ,

ನಾನು 8ನೇ ತಾರೀಕು ಶನಿವಾರ ಮಂಜೂರಾದ ರಜೆಯ ಮೇಲೆ ಊರಿಗೆ ಹೋಗಿದ್ದೆ. ಸೋಮವಾರ 9 ಗಂಟೆಗೆ ಕೆಲಸಕ್ಕೆ ಹಾಜರಾಗಲು, ಬೆಳಿಗ್ಗೆ 5.40ಕ್ಕೆ ಯಶವಂತಪುರ ತಲುಪುವ ರೈಲಿನಲ್ಲಿ ಹೊರಟೆ. ರೈಲು 11.25ಕ್ಕೆ ತಲುಪಿತು. ವಿಷಯವನ್ನು ಬೆಳಿಗ್ಗೆ 7.10ಕ್ಕೆ ನಮ್ಮ ವಿಭಾಗದ ಮುಖ್ಯಸ್ಥರಿಗೆ ಸಂದೇಶದ ಮೂಲಕ ತಿಳಿಸಿದ್ದೆ. 12.10ಕ್ಕೆ ಹಾಜರಾಗಿ ಸಂಜೆ 5.30ರವರೆಗೆ ಕೆಲಸ ಮಾಡಿದ್ದೇನೆ.

ಸೋಮವಾರ ಬೆಳಗಿನ ಅವಧಿಯನ್ನು ನನ್ನ ಖಾತೆಯಲ್ಲಿರುವ ಗಳಿಕೆ ರಜೆಯಲ್ಲಿ ಅರ್ಧ ದಿನವೆಂದು ಹೊಂದಿಸಿಕೊಡಬೇಕಾಗಿ ಕೋರುತ್ತೇನೆ. ಮಧ್ಯಾಹ್ನ ಕೆಲಸದಲ್ಲಿದ್ದುದರಿಂದ 9ನೇ ತಾರೀಕು ಭಾನುವಾರವನ್ನು ರಜೆಗೆ ಸೇರಿಸದಂತೆ ವಿನಂತಿ.

ಟಿಕೆಟ್ ಮತ್ತು ರೈಲಿನ ವೇಳೆಯ ವಿವರ ಲಗತ್ತಿಸಿದೆ. ರೈಲು ಮೂಲ ನಿಲ್ದಾಣದಿಂದ 9ರ ರಾತ್ರಿ ಹೊರಟಿದ್ದು, ನಾನು 10ರಂದು 12.20ಕ್ಕೆ ಹತ್ತಿದ್ದರಿಂದ ಎರಡರಲ್ಲೂ ದಿನಾಂಕ ಬೇರೆ ಇದೆ.

ತಮ್ಮ ವಿಶ್ವಾಸಿ,
(ಸಹಿ, ಸಿಬ್ಬಂದಿ ಸಂಖ್ಯೆ)

ಸಂಜೆ ಹೆಚ್ಚು ಹೊತ್ತು ಕೂತು ಸರಿದೂಗಿಸುತ್ತೇನೆ ಎಂಬ ಮಾತು ಇದರಲ್ಲಿಲ್ಲ. ರಜೆ ಖಾಲಿಯಾಗಿದ್ದರೆ ಅದನ್ನೇ ಕೇಳಬಹುದು. ಆಗ ಸರಿದೂಗಿಸಬೇಕಾದದ್ದು 9ರಿಂದ 12.10ರವರೆಗಿನ ಮೂರು ಗಂಟೆ ಹತ್ತು ನಿಮಿಷ. ಯಾವ ಯಾವ ದಿನ ಎಷ್ಟು ಹೊತ್ತು ಎಂದು ಬರೆಯಬೇಕು. ಆದರೆ ರಜೆಯನ್ನೂ ಕೊಟ್ಟು ಹೊತ್ತನ್ನೂ ಕೊಡುವುದು ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ.

ಸರ್ಕಾರಿ ನೌಕರರ ದಾರಿ ಬೇರೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ತಕ್ಕ ಕಾರಣವಿದ್ದರೆ ಒಂದು ಗಂಟೆಯವರೆಗಿನ ತಡವನ್ನು ತಿಂಗಳಲ್ಲಿ ಎರಡು ಸಲ ಮನ್ನಿಸಲು ಅಧಿಕಾರಿಗೆ ಅವಕಾಶವಿದೆ. ಅದನ್ನು ಮೀರಿದರೆ ಅರ್ಧ ದಿನದ ಸಾಂದರ್ಭಿಕ ರಜೆ ಕಳೆಯುತ್ತಾರೆ. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಯ ಬಾಲಕ್ಕೆ ಕಟ್ಟುವಂತಿಲ್ಲ. ಗಳಿಕೆ ರಜೆ ಮುಗಿಸಿ ಬರುವಾಗ ರೈಲು ಇಡೀ ದಿನವನ್ನೇ ನುಂಗಿದರೆ, ಗಳಿಕೆ ರಜೆಯನ್ನೇ ಒಂದು ದಿನ ವಿಸ್ತರಿಸಿ ಎಂದು ಕೇಳಬೇಕು.

ಪತ್ರವನ್ನು ಆ ತಿಂಗಳ ಹಾಜರಾತಿ ಲೆಕ್ಕ ಮುಚ್ಚುವ ಮುಂಚೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಮಿಂಚಂಚೆಯಾದರೆ ಉತ್ತರವನ್ನು ಉಳಿಸಿಕೊಳ್ಳಿ. ಸಂಬಳದ ಚೀಟಿ ಬಂದಾಗ ಎರಡು ಸಾಲು ನೋಡಿ: ರಜೆಯಲ್ಲಿ ಎಷ್ಟು ಕಳೆದಿದೆ, ವೇತನದಲ್ಲಿ ಎಷ್ಟು ಕಡಿತವಾಗಿದೆ. ಗೈರಾದ ಹೊತ್ತಿಗೆ ತಕ್ಕಷ್ಟಕ್ಕಿಂತ ಹೆಚ್ಚು ವೇತನ ಕಡಿಯುವಂತಿಲ್ಲ ಎಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಅರ್ಧ ದಿನದ ರಜೆಯೂ ಹೋಗಿ ಸಂಬಳವೂ ಕಡಿತವಾಗಿದ್ದರೆ, ಸಹಿ ಹಾಕಿಸಿಕೊಂಡ ಆ ಪ್ರತಿಯನ್ನು ಹಿಡಿದು ಸಿಬ್ಬಂದಿ ವಿಭಾಗಕ್ಕೆ ಮತ್ತೊಮ್ಮೆ ಹೋಗಿ ಕೇಳಿ.