ಪಿಪಿಒ ಬರುವ ತನಕ

ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿಯುತ್ತವೆ. ಪಿಂಚಣಿ ಮಾತ್ರ ಕೆಲವರಿಗೆ ಮೂರು ನಾಲ್ಕು ತಿಂಗಳು ಬರುವುದಿಲ್ಲ. ಸಂಬಳ ಕೊಡುತ್ತಿದ್ದದ್ದು ಕಚೇರಿ, ಪಿಂಚಣಿ ಕೊಡುವುದು ಬ್ಯಾಂಕು. ಇಂಥವರಿಗೆ ಇಷ್ಟು ಕೊಡಿ ಎಂದು ಬ್ಯಾಂಕಿಗೆ ಹೇಳುವ ಕಾಗದವೇ ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ. ಅದು ಹೊರಡದೆ ಬ್ಯಾಂಕಿನಿಂದ ಒಂದು ರೂಪಾಯಿಯೂ ಬರದು.

2004ಕ್ಕೆ ಮೊದಲು ಸೇರಿದ ಕೇಂದ್ರ ಸರ್ಕಾರದ ನೌಕರರ ಉದಾಹರಣೆಯನ್ನೇ ನೋಡೋಣ. 2021ರ ಪಿಂಚಣಿ ನಿಯಮಗಳ ಪ್ರಕಾರ ಕಚೇರಿಯ ಮುಖ್ಯಸ್ಥರು ನಿವೃತ್ತಿಗೆ ಒಂದು ವರ್ಷ ಮೊದಲೇ ಕೆಲಸ ಶುರುಮಾಡಬೇಕು. ನಾಲ್ಕು ತಿಂಗಳು ಇರುವಾಗಲೇ ಕಡತ ವೇತನ ಮತ್ತು ಲೆಕ್ಕಪತ್ರ ಕಚೇರಿಗೆ ತಲುಪಬೇಕು. ಅಲ್ಲಿಂದ ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿ, ಅಲ್ಲಿಂದ ಬ್ಯಾಂಕಿನ ಪಿಂಚಣಿ ಕೇಂದ್ರ. ನಮ್ಮ ರಾಜ್ಯದ ನೌಕರರ ಕಡತ ಹೋಗುವುದು ಮಹಾಲೇಖಪಾಲರ ಕಚೇರಿಗೆ. ದಾರಿ ಬೇರೆಯಾದರೂ ಸಿಕ್ಕಿಕೊಳ್ಳುವ ಕಾರಣಗಳು ಹೆಚ್ಚುಕಡಿಮೆ ಒಂದೇ.

ಕಡತ ಸಾಮಾನ್ಯವಾಗಿ ನಿಲ್ಲುವುದು ಮೊದಲ ಮೆಟ್ಟಿಲಲ್ಲೇ, ಸೇವಾ ಪುಸ್ತಕದ ಮುಂದೆ. ಮೂರು ದಶಕದಲ್ಲಿ ನಾಲ್ಕಾರು ಕಚೇರಿ ಸುತ್ತಿದವರ ಪುಸ್ತಕದಲ್ಲಿ ಯಾವುದೋ ಒಂದು ಕಚೇರಿ 'ಸೇವೆ ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿರುವುದಿಲ್ಲ. ಆ ಊರಿನ ಕಚೇರಿಗೆ ಪತ್ರ ಹೋಗುತ್ತದೆ, ಉತ್ತರ ಬರುವುದಿಲ್ಲ, ನೆನಪೋಲೆ ಹೋಗುತ್ತದೆ.

ಲೆಕ್ಕಕ್ಕಾಗಿ ಒಬ್ಬ ನೌಕರರನ್ನು ಕಲ್ಪಿಸಿಕೊಳ್ಳಿ. 1991ರ ಏಪ್ರಿಲ್ 1ರಂದು ಸೇರಿ 2024ರ ಮಾರ್ಚ್ 31ರಂದು ನಿವೃತ್ತರಾದರು. 33 ವರ್ಷದ ಸೇವೆ. ಕೊನೆಯ ಮೂಲ ವೇತನ 60,400 ರೂಪಾಯಿ, ತುಟ್ಟಿಭತ್ಯೆ ಶೇ. 50. ಮೊದಲಿನ 14 ತಿಂಗಳ ಸೇವೆಗೆ ಸಹಿಯಿಲ್ಲ.

ಈ 14 ತಿಂಗಳಿಂದ ಅವರ ಪಿಂಚಣಿ ಎಷ್ಟು ಬದಲಾಗುತ್ತದೆ? ಒಂದು ಪೈಸೆಯೂ ಇಲ್ಲ. ಅರ್ಹ ಸೇವೆ ಹತ್ತು ವರ್ಷ ದಾಟಿದರೆ ಸಾಕು, ಮೂಲ ವೇತನದ ಅರ್ಧ ಪೂರ್ಣ ಪಿಂಚಣಿ: 30,200. ಅದರ ಮೇಲೆ ತುಟ್ಟಿ ಪರಿಹಾರ 15,100. ವ್ಯತ್ಯಾಸ ಬರುವುದು ಗ್ರ್ಯಾಚುಟಿಯಲ್ಲಿ ಮಾತ್ರ. 33 ವರ್ಷಕ್ಕೆ ಅದು 14,94,900 ರೂಪಾಯಿ, 14 ತಿಂಗಳು ಬಿಟ್ಟರೆ 14,49,600. ಅಂದರೆ 45,300 ರೂಪಾಯಿಯ ಪ್ರಶ್ನೆಗಾಗಿ, ಯಾವ ತಕರಾರೂ ಇಲ್ಲದ ಪಿಂಚಣಿಯೂ ಅದೇ ಕಡತದೊಳಗೆ ಕೂತುಬಿಡುತ್ತದೆ.

ಇಂಥ ಸಂದರ್ಭಕ್ಕೆಂದೇ ಇರುವುದು ತಾತ್ಕಾಲಿಕ ಪಿಂಚಣಿ. ನಿವೃತ್ತಿಯೊಳಗೆ ಕಡತ ಮುಗಿಯದು ಎಂದು ಕಂಡರೆ, ಇರುವ ದಾಖಲೆಯ ಆಧಾರದ ಮೇಲೆ ಲೆಕ್ಕ ಹಾಕಿ ಪಿಂಚಣಿಯ ಪೂರ್ತಿ ಮೊತ್ತವನ್ನೂ ಗ್ರ್ಯಾಚುಟಿಯ ಶೇ. 90ನ್ನೂ ಕಚೇರಿಯ ಮುಖ್ಯಸ್ಥರೇ ಮಂಜೂರು ಮಾಡಬೇಕು. ಹಣ ಬರುವುದು ಸಿಬ್ಬಂದಿಯ ಸಂಬಳದ ಬಿಲ್ಲಿನ ಹಾಗೆ, ಹಳೆಯ ಕಚೇರಿಯಿಂದಲೇ. ಆದ್ದರಿಂದ ಈ ಅವಧಿಯಲ್ಲಿ ಬ್ಯಾಂಕಿನ ಪಿಂಚಣಿ ವಿಭಾಗಕ್ಕೆ ಹೋಗಿ ಕೇಳಿದರೆ 'ನಿಮ್ಮ ಹೆಸರೇ ಇಲ್ಲ' ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಪಿಪಿಒ ಸಂಖ್ಯೆಯೇ ಇನ್ನೂ ಹುಟ್ಟಿರುವುದಿಲ್ಲ.

ನಮ್ಮ ನೌಕರರಿಗೆ ಏಪ್ರಿಲ್‌ನಿಂದ ತಿಂಗಳಿಗೆ 45,300 ರೂಪಾಯಿ, ಗ್ರ್ಯಾಚುಟಿಯಲ್ಲಿ 13,04,640 ರೂಪಾಯಿ ಸಿಗುತ್ತದೆ. ಹಳೆಯ ಕಚೇರಿಯ ದೃಢೀಕರಣ ಬಂದ ಮೇಲೆ ಉಳಿದ 1,90,260 ರೂಪಾಯಿ. ದೃಢೀಕರಣ ಬಾರದಿದ್ದರೆ ತಾವು ಆ ಅವಧಿಯಲ್ಲಿ ಕೆಲಸ ಮಾಡಿದ್ದಾಗಿ ಬಿಳಿ ಹಾಳೆಯಲ್ಲಿ ಲಿಖಿತ ಹೇಳಿಕೆ ಕೊಟ್ಟು, ಪೂರಕ ಸಾಕ್ಷ್ಯ ಒದಗಿಸಲು ಅವಕಾಶವಿದೆ. ಹಳೆಯ ವರ್ಗಾವಣೆ ಆದೇಶ, ಸಂಬಳದ ಚೀಟಿಗಳನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಗ್ರ್ಯಾಚುಟಿಯ ಹತ್ತನೇ ಒಂದು ಭಾಗವನ್ನು ಏಕೆ ಹಿಡಿದಿಡುತ್ತಾರೆ? ತಾತ್ಕಾಲಿಕ ಪಿಂಚಣಿ ಹೆಚ್ಚಾಗಿ ಸಂದಾಯವಾಗಿದ್ದರೆ ಆ ಹೆಚ್ಚುವರಿಯನ್ನು ಅದರಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಮುಂದಿನ ಪಿಂಚಣಿಯಲ್ಲಿ ಕಂತಾಗಿ ಕಡಿತ ಮಾಡಬಹುದು. ಇದಕ್ಕೆ ಹೊಂದಿಕೊಂಡೇ ವೇತನ ಸರಿಯಿದೆಯೇ ಎಂದು ನೋಡುವಾಗ ನಿವೃತ್ತಿಗೆ ಹಿಂದಿನ 24 ತಿಂಗಳ ವೇತನವನ್ನಷ್ಟೇ ನೋಡಬೇಕೆಂಬ ಮಿತಿಯೂ ಇದೆ. ಇಪ್ಪತ್ತು ವರ್ಷ ಹಿಂದಿನ ವೇತನ ನಿಗದಿಯನ್ನು ಕೆದಕಿ ಕಡತ ವಾಪಸು ಬಂದರೆ ಈ ಮಿತಿಯನ್ನು ಉಲ್ಲೇಖಿಸಿ ಬರೆಯಬಹುದು.

ತಾತ್ಕಾಲಿಕ ಪಿಂಚಣಿಯ ಗಡುವು ನಿವೃತ್ತಿಯಿಂದ ಆರು ತಿಂಗಳು. ಅಷ್ಟರಲ್ಲಿ ಅಂತಿಮ ಲೆಕ್ಕ ಆಗದಿದ್ದರೆ ಲೆಕ್ಕಾಧಿಕಾರಿ ಆ ಮೊತ್ತವನ್ನೇ ಅಂತಿಮವೆಂದು ಪರಿಗಣಿಸಿ ಪಿಪಿಒ ಹೊರಡಿಸಬೇಕು. ಇದಕ್ಕೆ ಅರ್ಜಿ ಬೇಕೆಂದು ನಿಯಮ ಹೇಳುವುದಿಲ್ಲ, ಆದರೆ ಕೇಳದೆ ಕೊಟ್ಟ ಕಚೇರಿ ಅಪರೂಪ. ನಿವೃತ್ತಿಯ ಹಿಂದಿನ ತಿಂಗಳಲ್ಲೇ ಕಡತ ಎಲ್ಲಿದೆ ಎಂದು ಕೇಳಿ, ಲೆಕ್ಕಪತ್ರ ಕಚೇರಿಗೆ ಹೋಗಿಲ್ಲವೆಂದಾದರೆ ತಾತ್ಕಾಲಿಕ ಪಿಂಚಣಿ ಕೋರಿ ಪತ್ರ ಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ. ಭವಿಷ್ಯನಿಧಿ ಮತ್ತು ರಜೆ ನಗದೀಕರಣದ ಹಣಕ್ಕೆ ಪಿಪಿಒ ಬೇಕಿಲ್ಲ. ಅವನ್ನೂ ತಡೆಹಿಡಿದಿದ್ದರೆ ಕಾರಣ ಬೇರೆಯದೇ ಇರಬೇಕು.

ಇಲಾಖಾ ವಿಚಾರಣೆಯೋ ನ್ಯಾಯಾಲಯದ ಪ್ರಕರಣವೋ ಬಾಕಿ ಇದ್ದವರ ಕಥೆ ಬೇರೆ. ಅವರಿಗೂ ತಾತ್ಕಾಲಿಕ ಪಿಂಚಣಿ ಉಂಟು, ಅದಕ್ಕೆ ಆರು ತಿಂಗಳ ಮಿತಿಯಿಲ್ಲ, ತೀರ್ಮಾನವಾಗುವವರೆಗೂ ನಡೆಯುತ್ತದೆ. ಆದರೆ ಅಲ್ಲಿಯವರೆಗೆ ಗ್ರ್ಯಾಚುಟಿ ಸಿಗುವುದಿಲ್ಲ, ಪಿಂಚಣಿಯ ಒಂದು ಭಾಗವನ್ನು ಪರಿವರ್ತಿಸಿ ಒಟ್ಟು ಹಣ ಪಡೆಯುವುದಕ್ಕೂ ಅವಕಾಶವಿಲ್ಲ.